ಏಳು ಪರ್ಸೆಂಟ್ ಬಡ್ಡಿ, ಲಾಭ ಮಾತ್ರ ಸೊನ್ನೆ

ನಾಲ್ಕು ಕಂಬಗಳ ಒಂದು ಗ್ರಾಫ್ ಎಲ್ಲರ ಫೋನಿಗೂ ಆಗಾಗ ಬಂದು ಬೀಳುತ್ತಿರುತ್ತದೆ. ಎಫ್‌ಡಿ, ಚಿನ್ನ, ಷೇರು, ಬಿಟ್‌ಕಾಯಿನ್. ಹತ್ತು ವರ್ಷದ ಹಿಂದೆ ಒಂದೊಂದಕ್ಕೂ ಒಂದು ಲಕ್ಷ ಹಾಕಿದ್ದರೆ ಇವತ್ತು ಎಷ್ಟಾಗಿರುತ್ತಿತ್ತು ಅಂತ ತೋರಿಸುವ ಗ್ರಾಫ್. ಎಫ್‌ಡಿ ಕಂಬ ಗಿಡ್ಡಗೆ ಮೂಲೆಯಲ್ಲಿ ಕೂತಿರುತ್ತದೆ, ಬಿಟ್‌ಕಾಯಿನ್ ಕಂಬ ಚಿತ್ರದ ಮೇಲಂಚನ್ನೇ ದಾಟಿ ಹೋಗಿರುತ್ತದೆ. ನೋಡಿದವರಲ್ಲಿ ಒಬ್ಬರು 'ಹಣದುಬ್ಬರ ಕಳೆದು ಹೇಳಿ ಸ್ವಾಮಿ' ಅನ್ನುತ್ತಾರೆ. ಇನ್ನೊಬ್ಬರು ತಿರುಗಿಸಿ ಕೇಳುತ್ತಾರೆ: ಕಳೆದರೆ ಏನಾಯಿತು? ನಾಲ್ಕಕ್ಕೂ ಅದೇ ಹಣದುಬ್ಬರ ತಾನೇ? ನಾಲ್ಕೂ ಒಂದೇ ಲೆಕ್ಕದಲ್ಲಿ ಕುಗ್ಗುತ್ತವೆ, ಮೊದಲು ಬಂದಿದ್ದು ಮೊದಲೇ, ಕೊನೆಯದು ಕೊನೆಯೇ.

ಈ ಎರಡನೆಯವರ ಪ್ರಶ್ನೆ ಚೆನ್ನಾಗಿದೆ. ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಒಂದೇ ದಿನ ಶುರು ಮಾಡಿ ಒಂದೇ ದಿನ ಮುಗಿಸಿದರೆ, ತೆರಿಗೆಯೂ ಇಲ್ಲ ಖರ್ಚೂ ಇಲ್ಲ ಅಂದುಕೊಂಡರೆ, ಅವರು ಹೇಳಿದ್ದು ಪೂರ್ತಿ ಸರಿ. ನಾಲ್ಕನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಸಾಲು ಬದಲಾಗುವುದಿಲ್ಲ. ಆದರೆ ನಿಜವಾದ ದುಡ್ಡು ಹಾಗೆ ಇರುವುದಿಲ್ಲ ಅಲ್ವಾ? ತೆರಿಗೆ ಇದೆ, ಮತ್ತು ಬಹುತೇಕ ಕಡೆ ಆ ತೆರಿಗೆ ಬೀಳುವುದು ಹಣದುಬ್ಬರ ಕಳೆಯುವ ಮುಂಚಿನ ಲಾಭದ ಮೇಲೆ. ಅಲ್ಲಿಂದಲೇ ನಾಲ್ಕೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಮೊದಲು ಲೆಕ್ಕ. ಹಣದುಬ್ಬರ ತೆಗೆದ ಮೇಲೆ ಉಳಿಯುವುದಕ್ಕೆ ನೈಜ ಲಾಭ ಅನ್ನುತ್ತಾರೆ. ಬಡ್ಡಿಯಿಂದ ಬೆಲೆ ಏರಿಕೆಯನ್ನು ಕಳೆದರೆ ಹತ್ತಿರದ ಉತ್ತರ ಸಿಗುತ್ತದೆ, ಸರಿಯಾದ ಉತ್ತರಕ್ಕೆ ಭಾಗಿಸಬೇಕು:

```
ನೈಜ ಲಾಭ = (1 + ಕೈಗೆ ಬಂದ ಲಾಭ) / (1 + ಬೆಲೆ ಏರಿಕೆ) - 1
```

ಬೆಲೆ ಏರಿಕೆ ಕಡಿಮೆ ಇರುವಾಗ ಕಳೆದರೂ ನಡೆಯುತ್ತದೆ. ಶೇ 60, 70 ಮುಟ್ಟಿದಾಗ ಕಳೆಯುವ ಲೆಕ್ಕ ಪೂರ್ತಿ ಕೈಕೊಡುತ್ತದೆ. ಇಲ್ಲಿ ಮುಖ್ಯವಾದದ್ದು 'ಕೈಗೆ ಬಂದ' ಅನ್ನುವ ಭಾಗ. ಬ್ಯಾಂಕಿನ ಬೋರ್ಡಿನಲ್ಲಿ ಬರೆದಿರುವ ದರ ಅಲ್ಲ, ತೆರಿಗೆ ಮತ್ತು ಖರ್ಚು ಎಲ್ಲ ಹೋಗಿ ನಿಮ್ಮ ಖಾತೆಗೆ ಬಿದ್ದದ್ದು.

ಎಫ್‌ಡಿಯನ್ನೇ ತಗೊಳ್ಳಿ. ಒಂದು ಲಕ್ಷ ಇಟ್ಟಿರಿ, ಬಡ್ಡಿ ಶೇ 7. ಆ ವರ್ಷ ಬೆಲೆಗಳು ಶೇ 5 ಏರಿದವು. ನಿಮ್ಮ ಆದಾಯಕ್ಕೆ ಬೀಳುವ ತೆರಿಗೆ ಶೇ 30 ಅಂದುಕೊಳ್ಳೋಣ. ಬಡ್ಡಿ 7,000 ಬಂತು. ಅದರಲ್ಲಿ 2,100 ತೆರಿಗೆಗೆ ಹೋಯಿತು, 4,900 ಉಳಿಯಿತು. ಕೈಯಲ್ಲಿ ಈಗ 1,04,900 ಇದೆ. ಹೋದ ವರ್ಷ ಒಂದು ಲಕ್ಷಕ್ಕೆ ಸಿಗುತ್ತಿದ್ದಷ್ಟೇ ಸಾಮಾನು ಈಗ ಬೇಕೆಂದರೆ 1,05,000 ಕೊಡಬೇಕು. ಅಂದರೆ ನೂರು ಕಮ್ಮಿ. ಬಡ್ಡಿ ಬೆಲೆ ಏರಿಕೆಗಿಂತ ಎರಡು ಪರ್ಸೆಂಟ್ ಜಾಸ್ತಿ ಇದ್ದರೂ ಕೊನೆಗೆ ಉಳಿದದ್ದು ಏನೂ ಇಲ್ಲ.

ಇದು ಹೇಗಾಯಿತು ನೋಡಿ. ಆ 7,000 ಬಡ್ಡಿಯಲ್ಲಿ 5,000 ನಿಜವಾಗಿ ಆದಾಯವೇ ಅಲ್ಲ. ನಿಮ್ಮ ಒಂದು ಲಕ್ಷ ಸವೆದು ಹೋದದ್ದಕ್ಕೆ ಸಿಕ್ಕ ಪರಿಹಾರ ಅದು. ನಿಜವಾದ ಲಾಭ 2,000 ಮಾತ್ರ. ತೆರಿಗೆಯವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ಅವರು ಪೂರ್ತಿ 7,000ದ ಮೇಲೆ ಹಾಕುತ್ತಾರೆ. ಹಾಗಾಗಿ 2,000 ಲಾಭಕ್ಕೆ 2,100 ತೆರಿಗೆ. ಕಾಗದದ ಮೇಲೆ ಶೇ 30, ನಿಜವಾದ ಲಾಭದ ಲೆಕ್ಕದಲ್ಲಿ ಶೇ 105.

ಈಗ ಇದೇ ಎರಡು ಪರ್ಸೆಂಟ್ ಅಂತರ ಇಟ್ಟುಕೊಂಡು ಬೆಲೆ ಏರಿಕೆಯನ್ನು ಮಾತ್ರ ಬದಲಾಯಿಸಿ ನೋಡೋಣ. ಬೆಲೆ ಏರಿಕೆ ಶೇ 2, ಬಡ್ಡಿ ಶೇ 4 ಇರುವ ಕಾಲ. 4,000 ಬಡ್ಡಿ, 1,200 ತೆರಿಗೆ, 2,800 ಉಳಿಯಿತು. ಬೇಕಾಗಿದ್ದು 2,000. ಎಂಟು ನೂರು ಮಿಕ್ಕಿತು. ಇನ್ನೊಂದು ಕಡೆ ಬೆಲೆ ಏರಿಕೆ ಶೇ 10, ಬಡ್ಡಿ ಶೇ 12. ಬಡ್ಡಿ 12,000, ತೆರಿಗೆ 3,600, ಉಳಿದದ್ದು 8,400. ಬೇಕಾಗಿದ್ದು 10,000. ಅಂದರೆ 1,600 ಕೊರತೆ. ಶೇ 12 ಬಡ್ಡಿ ಸಿಗುತ್ತಿದ್ದ ಆ ಕಾಲವೇ ಚೆನ್ನಾಗಿತ್ತು ಅಂತ ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. ಬಡ್ಡಿ ಮಾತ್ರ ನೆನಪಿರುತ್ತದೆ, ಆಗ ಬೆಲೆಗಳು ಓಡುತ್ತಿದ್ದ ಸ್ಪೀಡ್ ನೆನಪಿರುವುದಿಲ್ಲ. ಮೇಲಿನ ಮೂರು ಲೆಕ್ಕದಲ್ಲಿ ಠೇವಣಿ ಇಟ್ಟವರಿಗೆ ಲಾಭ ಆಗಿದ್ದು ಶೇ 4 ಬಡ್ಡಿಯಲ್ಲಿ ಮಾತ್ರ.

ಹಾಗಂತ ಜಾಸ್ತಿ ಬಡ್ಡಿ ಯಾವಾಗಲೂ ಮೋಸ ಅಂತಲ್ಲ. ಅಮೆರಿಕದಲ್ಲಿ 1980ರಲ್ಲಿ ಬೆಲೆ ಏರಿಕೆ ಸರಾಸರಿ ಶೇ 13.5 ಇತ್ತು. ಅದನ್ನು ಹಿಡಿದು ನಿಲ್ಲಿಸಲು ಅಲ್ಲಿನ ಕೇಂದ್ರೀಯ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಬಡ್ಡಿ ದರವನ್ನು ಶೇ 20ರ ಹತ್ತಿರಕ್ಕೆ ಒಯ್ದಿತು. 1981ರ ಸೆಪ್ಟೆಂಬರಿನಲ್ಲಿ ಹತ್ತು ವರ್ಷದ ಸರ್ಕಾರಿ ಬಾಂಡ್ ಶೇ 15.8ರಷ್ಟು ಕೊಡುತ್ತಿತ್ತು. ಆಗ ಅದನ್ನು ತಗೊಳ್ಳೋಕೆ ಜನ ಹೆದರಿದ್ದರು, ಬೆಲೆ ಏರಿಕೆ ಇನ್ನೂ ಜಾಸ್ತಿಯಾದರೆ ಗತಿಯೇನು ಅಂತ. ಆದದ್ದು ಉಲ್ಟಾ. 1983ರ ಹೊತ್ತಿಗೆ ಬೆಲೆ ಏರಿಕೆ ಶೇ 3.2ಕ್ಕೆ ಇಳಿಯಿತು, ಮುಂದಿನ ಹತ್ತು ವರ್ಷದ ಸರಾಸರಿ ಶೇ 4ರ ಆಸುಪಾಸು. ಆ ದಿನ ಹತ್ತು ವರ್ಷಕ್ಕೆ ಬೀಗ ಹಾಕಿಕೊಂಡವರಿಗೆ ತೆರಿಗೆಗೆ ಮುಂಚೆ ವರ್ಷಕ್ಕೆ ಸುಮಾರು ಶೇ 11 ನೈಜ ಲಾಭ. ಇನ್ನೊಂದು ತುದಿಯಲ್ಲಿ, 2020–21ರಲ್ಲಿ ಒಂದೆರಡು ಪರ್ಸೆಂಟಿಗೆ ಉದ್ದ ಅವಧಿಗೆ ದುಡ್ಡು ಕಟ್ಟಿದ ಅಮೆರಿಕನ್ನರು 2022ರ ಜೂನಿನಲ್ಲಿ ಶೇ 9.1 ಬೆಲೆ ಏರಿಕೆ ನೋಡಬೇಕಾಯಿತು. ಠೇವಣಿಯ ರಸೀದಿಯಲ್ಲಿ ಬರೆದಿರುವ ದರ ಮೊದಲ ದಿನವೇ ಗೊತ್ತಿರುತ್ತದೆ, ಅದರ ನೈಜ ಲಾಭ ಗೊತ್ತಾಗುವುದು ಮೆಚ್ಯೂರಿಟಿಯ ದಿನ.

ಈಗ ಹತ್ತು ವರ್ಷದ ಗ್ರಾಫಿಗೆ ವಾಪಸ್ ಬರೋಣ. ಇಲ್ಲಿರುವ ದರಗಳೆಲ್ಲ ಲೆಕ್ಕಕ್ಕಾಗಿ ನಾನೇ ಹಿಡಿದುಕೊಂಡವು. ಮುಂದೆ ಇಷ್ಟೇ ಬರುತ್ತದೆ ಅಂತ ಯಾರೂ ಹೇಳಲಾಗದು. ಇವತ್ತು ಒಂದೊಂದಕ್ಕೂ ಒಂದು ಲಕ್ಷ ಹಾಕಿ ಹತ್ತು ವರ್ಷ ಬಿಟ್ಟಿರಿ ಅಂದುಕೊಳ್ಳಿ. ಎಫ್‌ಡಿ ವರ್ಷಕ್ಕೆ ಶೇ 7, ಚಿನ್ನ ಶೇ 8, ಷೇರು ಶೇ 11. ಬಿಟ್‌ಕಾಯಿನ್ ವಿಷಯ ಆಮೇಲೆ. ಬೆಲೆ ಏರಿಕೆ ವರ್ಷಕ್ಕೆ ಶೇ 5. ಗ್ರಾಫ್ ಬರೆಯುವವರು ತೋರಿಸುವುದು ಹೀಗಿರುತ್ತದೆ: ಎಫ್‌ಡಿ 1.97 ಲಕ್ಷ, ಚಿನ್ನ 2.16 ಲಕ್ಷ, ಷೇರು 2.84 ಲಕ್ಷ. ನೋಡಿದರೆ ಎಫ್‌ಡಿಯವರ ದುಡ್ಡೂ ಹೆಚ್ಚುಕಮ್ಮಿ ಡಬಲ್ ಆಗಿದೆ, ಬೇಜಾರಿಲ್ಲ ಅನಿಸುತ್ತದೆ.

ತೆರಿಗೆ ಸೇರಿಸಿ ನೋಡಿ. ಎಫ್‌ಡಿ ಬಡ್ಡಿಗೆ ಪ್ರತಿ ವರ್ಷ ಶೇ 30 ತೆರಿಗೆ ಅಂದರೆ ಬೆಳೆಯುವುದು ಶೇ 4.9ರಂತೆ. ಹತ್ತು ವರ್ಷಕ್ಕೆ 1,61,300 ಆಗುತ್ತದೆ. ಅಷ್ಟರಲ್ಲಿ ಬೆಲೆಗಳು 1.63 ಪಟ್ಟು ಆಗಿರುತ್ತವೆ. ಭಾಗಿಸಿದರೆ ಇವತ್ತಿನ ಬೆಲೆಯಲ್ಲಿ ಸುಮಾರು 99,000. ಹತ್ತು ವರ್ಷ ಕಾದು ಸಾವಿರ ಕಳೆದುಕೊಂಡಂತಾಯಿತು.

ಚಿನ್ನಕ್ಕೆ ಬೇರೆ ಲೆಕ್ಕ. ಕೊಳ್ಳುವಾಗ ಶೇ 3 ಖರ್ಚು, ಮಾರುವಾಗ ಶೇ 2 ಕಡಿತ, ಮಾರಿದ ದಿನ ಲಾಭದ ಮೇಲೆ ಶೇ 15 ತೆರಿಗೆ ಅಂತ ಇಟ್ಟುಕೊಳ್ಳಿ. ಒಂದು ಲಕ್ಷದಲ್ಲಿ 97,000ದ ಚಿನ್ನ ಬಂತು. ಅದು ಬೆಳೆದು 2,09,400 ಆಯಿತು, ಮಾರಿದಾಗ 2,05,200 ಸಿಕ್ಕಿತು, ತೆರಿಗೆ ಸುಮಾರು 15,800, ಉಳಿದದ್ದು 1,89,400. ಇವತ್ತಿನ ಬೆಲೆಯಲ್ಲಿ 1,16,300. ಅಂದರೆ ವರ್ಷಕ್ಕೆ ಒಂದೂವರೆ ಪರ್ಸೆಂಟ್.

ಷೇರು ಅಂದರೆ ಇಲ್ಲಿ ಒಂದು ಮ್ಯೂಚುವಲ್ ಫಂಡ್ ಅಂದುಕೊಳ್ಳಿ, ವರ್ಷಕ್ಕೆ ಶೇ 1 ಖರ್ಚು ಹಿಡಿಯುತ್ತದೆ. ಕೊನೆಗೆ ಮಾರುವಾಗ ಶೇ 15 ತೆರಿಗೆ. ಎಲ್ಲ ಹೋಗಿ 2,33,300 ಕೈಗೆ ಬರುತ್ತದೆ, ಇವತ್ತಿನ ಬೆಲೆಯಲ್ಲಿ 1,43,200. ವರ್ಷಕ್ಕೆ ಶೇ 3.7. ಜಾಹೀರಾತಿನ ಹನ್ನೊಂದು ಇಲ್ಲಿಗೆ ಬಂದು ನಿಂತಿತು.

ಸಾಲು ಬದಲಾಗಿಲ್ಲ, ನಿಜ. ಆದರೆ ಏಳು, ಎಂಟು, ಹನ್ನೊಂದು ಎಂದು ಮೆಟ್ಟಿಲಿನಂತೆ ಕಂಡದ್ದು ಈಗ ಸೊನ್ನೆಗಿಂತ ಸ್ವಲ್ಪ ಕೆಳಗೆ, ಒಂದೂವರೆ, ಮೂರೂ ಮುಕ್ಕಾಲು ಹತ್ತಿರ ಎಂದಾಗಿದೆ. ಒಂದು ಎಲ್ಲೂ ಹೋಗಿಲ್ಲ, ಒಂದು ತೆವಳಿದೆ, ಒಂದು ನಡೆದಿದೆ. ಎಷ್ಟು ರಿಸ್ಕಿಗೆ ಎಷ್ಟು ಸಿಗುತ್ತಿದೆ ಅನ್ನುವ ಪ್ರಶ್ನೆಗೆ ಉತ್ತರ ಈ ಎರಡನೇ ಸಾಲಿನಲ್ಲಿದೆ.

ಸಾಲೇ ಬದಲಾಗುವುದೂ ಉಂಟು. ಇದೇ ಲೆಕ್ಕದಲ್ಲಿ, ಕಡಿಮೆ ಆದಾಯದ ಕಾರಣ ಬಡ್ಡಿಗೆ ತೆರಿಗೆಯೇ ಬೀಳದ ಒಬ್ಬರನ್ನು ತಗೊಳ್ಳಿ. ಅವರ ಎಫ್‌ಡಿ 1.97 ಲಕ್ಷವೂ ಕೈಗೆ ಬರುತ್ತದೆ, ಇವತ್ತಿನ ಬೆಲೆಯಲ್ಲಿ 1,20,800. ಚಿನ್ನದ ಲಾಭಕ್ಕೆ ಮಾತ್ರ ಅವರೂ ಶೇ 15 ಕಟ್ಟಬೇಕು ಅನ್ನುವ ನಿಯಮ ಇದ್ದರೆ ಅವರ ಪಾಲಿಗೆ ಎಫ್‌ಡಿ ಚಿನ್ನವನ್ನು ಹಿಂದೆ ಹಾಕಿತು. ಒಂದೇ ಮನೆಯಲ್ಲಿ ದುಡಿಯುವ ಮಗಳಿಗೂ ಕೆಲಸ ಬಿಟ್ಟ ಅಪ್ಪನಿಗೂ ಒಂದೇ ಎಫ್‌ಡಿಯಿಂದ ಬೇರೆ ಬೇರೆ ನೈಜ ಲಾಭ ಬರುವುದು ಹೀಗೆ. ಎಲ್ಲರಿಗೂ ಒಂದೇ ಗ್ರಾಫ್ ಕೊಟ್ಟು 'ಇದು ಬೆಸ್ಟ್' ಅನ್ನುವವರಿಗೆ ಈ ತಲೆನೋವು ಇಲ್ಲ.

ಚಿನ್ನದ ವಿಷಯದಲ್ಲಿ ತೆರಿಗೆಗಿಂತ ದೊಡ್ಡ ಗೋಳು ಬೇರೆ ಇದೆ, ಅದು ಶುರುವಿನ ದಿನ. ಚಿನ್ನ ಬೆಲೆ ಏರಿಕೆಯಿಂದ ಕಾಪಾಡುತ್ತದೆ ಅನ್ನುವ ಮಾತನ್ನು ಎಲ್ಲರೂ ನಂಬುತ್ತಾರೆ. ನೂರಾರು ವರ್ಷದ ಲೆಕ್ಕದಲ್ಲಿ ಅದು ಹೆಚ್ಚುಕಮ್ಮಿ ಸರಿಯೂ ಹೌದು. ಒಬ್ಬ ಮನುಷ್ಯನ ಉಳಿತಾಯದ ಆಯಸ್ಸಿಗೆ ಅದು ಅಷ್ಟು ಖಚಿತವಲ್ಲ.

1980ರ ಜನವರಿ 21ರಂದು ಲಂಡನ್ ಮಾರುಕಟ್ಟೆಯಲ್ಲಿ ಚಿನ್ನ ಔನ್ಸಿಗೆ 850 ಡಾಲರ್ ಮುಟ್ಟಿತು. ಬೆಲೆ ಏರಿಕೆಯ ಭಯ ತುತ್ತತುದಿಯಲ್ಲಿದ್ದ ಹೊತ್ತು ಅದು, ಚಿನ್ನ ಕೊಳ್ಳಲು ಅದಕ್ಕಿಂತ ಒಳ್ಳೆಯ ಕಾರಣ ಇನ್ನೊಂದು ಸಿಗುತ್ತಿರಲಿಲ್ಲ. ಆಮೇಲೆ ಇಳಿಯುತ್ತಾ ಹೋಗಿ 1999ರಲ್ಲಿ 250 ಡಾಲರ್ ಆಸುಪಾಸಿಗೆ ಬಂತು. ಮತ್ತೆ 850 ದಾಟಿದ್ದು 2008ರ ಜನವರಿಯಲ್ಲಿ. ಹೊಸ ದಾಖಲೆ ಅಂತ ಎಲ್ಲ ಕಡೆ ಸುದ್ದಿ. ಆದರೆ ಆ 28 ವರ್ಷದಲ್ಲಿ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಸುಮಾರು 2.7 ಪಟ್ಟು ಆಗಿತ್ತು. 2008ರ 850 ಡಾಲರಿಗೆ ಸಿಗುತ್ತಿದ್ದದ್ದು 1980ರಲ್ಲಿ 313 ಡಾಲರಿಗೆ ಸಿಗುತ್ತಿದ್ದಷ್ಟು. ಬರಿಗಣ್ಣಿಗೆ 'ಅಸಲು ವಾಪಸ್ ಬಂತು', ನೈಜ ಲೆಕ್ಕದಲ್ಲಿ ಶೇ 63 ನಷ್ಟ. ಆ 1980ರ ಬೆಲೆಯನ್ನು ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಸರಿಗಟ್ಟಲು ಚಿನ್ನ ಸುಮಾರು 3,500 ಡಾಲರ್ ಆಗಬೇಕಿತ್ತು. ಅದನ್ನು ದಾಟಿ ನಿಂತದ್ದು 2025ರಲ್ಲಿ. ನಲವತ್ತೈದು ವರ್ಷ. ಅದೂ ಲಾಕರ್ ಬಾಡಿಗೆ, ವಿಮೆ ಯಾವುದನ್ನೂ ಹಿಡಿಯದೆ.

ಇದೇ ಚಿನ್ನವನ್ನು 2001ರಲ್ಲಿ ಕೊಂಡು 2011ರಲ್ಲಿ ಮಾರಿದವರನ್ನು ಕೇಳಿ. 260 ಡಾಲರ್ ಹತ್ತಿರ ಇದ್ದದ್ದು 1,900ದವರೆಗೆ ಹೋಯಿತು, ಅಮೆರಿಕದ ಬೆಲೆಗಳು ಆ ಅವಧಿಯಲ್ಲಿ ಏರಿದ್ದು ಶೇ 30ರೊಳಗೆ. ಯಾರೇ 'ಚಿನ್ನದ ಲಾಭ ಇಷ್ಟು' ಅಂದರೂ ಮೊದಲು ಕೇಳಬೇಕಾದ್ದು ಯಾವ ವರ್ಷದಿಂದ ಅಂತ. ಗ್ರಾಫ್ 2000ನೇ ಇಸವಿಯ ಸುತ್ತಮುತ್ತ ಶುರುವಾಗಿದ್ದರೆ ಅದನ್ನು ಮಾಡಿದವರು ಚಿನ್ನ ಮಾರುವವರಿರಬೇಕು, 1980ರಲ್ಲಿ ಶುರುವಾಗಿದ್ದರೆ ಷೇರು ಮಾರುವವರು. ತಮಾಷೆ ಅಲ್ಲ, ಒಮ್ಮೆ ಗಮನಿಸಿ ನೋಡಿ. ಎಫ್‌ಡಿಯ ಬಡ್ಡಿ ಪ್ರತಿ ವರ್ಷ ಒಂದಿಷ್ಟು ಬೆಲೆ ಏರಿಕೆಯನ್ನು ಮುಚ್ಚುತ್ತಾ ಬರುತ್ತದೆ. ಚಿನ್ನಕ್ಕೆ ಬಡ್ಡಿ ಇಲ್ಲ, ಬಾಡಿಗೆ ಇಲ್ಲ. ಕೊಂಡ ಬೆಲೆ, ಮಾರಿದ ಬೆಲೆ, ಎರಡೇ. ಅದಕ್ಕೇ ಕೊಂಡ ದಿನದ ಮೇಲೆ ಅಷ್ಟು ಭಾರ.

ಷೇರಿಗೆ ಬರೋಣ. ಬೆಲೆ ಏರಿದರೆ ಕಂಪನಿಗಳೂ ತಮ್ಮ ಮಾಲಿನ ಬೆಲೆ ಏರಿಸುತ್ತವೆ, ಹಾಗಾಗಿ ಷೇರಿನಲ್ಲಿ ಹಣದುಬ್ಬರದ ಚಿಂತೆ ಇಲ್ಲ ಅನ್ನುವುದು ಚಾಲ್ತಿಯಲ್ಲಿರುವ ಮಾತು. ನಿಧಾನದ ಬೆಲೆ ಏರಿಕೆಗೆ ಅದು ಒಪ್ಪುತ್ತದೆ. ಜೋರಾದ ಏರಿಕೆಗೆ ಒಪ್ಪುವುದಿಲ್ಲ. ಅಮೆರಿಕದ ಡೌ ಜೋನ್ಸ್ ಷೇರು ಸೂಚ್ಯಂಕ 1966ರ ಫೆಬ್ರುವರಿಯಲ್ಲಿ 995ರಲ್ಲಿ ಮುಕ್ತಾಯವಾಗಿತ್ತು, 1982ರ ಆಗಸ್ಟಿನಲ್ಲಿ 777. ಹದಿನಾರು ವರ್ಷದಲ್ಲಿ ಶೇ 22 ಇಳಿಕೆ, ಸಹಿಸಿಕೊಳ್ಳಬಹುದು ಅನಿಸುತ್ತದೆ. ಅಷ್ಟರಲ್ಲಿ ಬೆಲೆಗಳು ಮೂರು ಪಟ್ಟಾಗಿದ್ದವು. ಭಾಗಿಸಿ ನೋಡಿದರೆ ಇಳಿಕೆ ಶೇ 74. 1929ರ ಕುಸಿತದಂತೆ ಇದಕ್ಕೆ ಒಂದು ಕರಾಳ ದಿನ ಅಂತ ಇಲ್ಲ, ಅದಕ್ಕೇ ಜನರ ನೆನಪಿನಲ್ಲೂ ಇಲ್ಲ. ಸೂಚ್ಯಂಕ ಸಾವಿರದ ಸುತ್ತ ಗಿರಕಿ ಹೊಡೆಯುತ್ತಿತ್ತು, ಕೆಳಗಿನ ನೆಲವೇ ಕುಸಿಯುತ್ತಿತ್ತು.

ಒಂದು ನ್ಯಾಯ ಮಾತ್ರ ಒದಗಿಸಬೇಕು. ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಡಿವಿಡೆಂಡ್ ಈ ಸೂಚ್ಯಂಕದಲ್ಲಿ ಸೇರಿರುವುದಿಲ್ಲ. ಆ ಕಾಲದಲ್ಲಿ ಅದು ವರ್ಷಕ್ಕೆ ಶೇ 4ರ ಹತ್ತಿರ ಬರುತ್ತಿತ್ತು, ಅದನ್ನು ಮತ್ತೆ ಷೇರಿಗೇ ಹಾಕಿದ್ದರೆ ನಷ್ಟ ಬಹಳ ಕಡಿಮೆಯಾಗುತ್ತದೆ, ಆದರೂ ಪೂರ್ತಿ ಮುಚ್ಚುವುದಿಲ್ಲ. ಎಫ್‌ಡಿಗೆ ಬಡ್ಡಿ ಸೇರಿಸಿ ಷೇರಿಗೆ ಡಿವಿಡೆಂಡ್ ಬಿಟ್ಟು ಹೋಲಿಸಿದ ಗ್ರಾಫ್ ಕಂಡರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ಕಂಪನಿಗಳಿಗೆ ಯಾಕೆ ಹಾಗಾಯಿತು? ಬಡ್ಡಿ ದರ ಏರಿದಾಗ ಅದೇ ಲಾಭಕ್ಕೆ ಜನ ಕೊಡಲು ಒಪ್ಪುವ ಷೇರಿನ ಬೆಲೆ ಕಡಿಮೆಯಾಗುತ್ತದೆ, ಅದು ಒಂದು. ಇನ್ನೊಂದು ಕಾರಣ ನಮ್ಮ ಎಫ್‌ಡಿಯ ಕಥೆಯೇ. ಕಂಪನಿ ಹತ್ತು ವರ್ಷದ ಹಿಂದೆ ಯಂತ್ರ ಕೊಂಡಿರುತ್ತದೆ. ಪ್ರತಿ ವರ್ಷ ಅದರ ಸವಕಳಿಯನ್ನು ಹಳೆಯ ಬೆಲೆಯ ಮೇಲೆ ಲೆಕ್ಕ ಹಾಕಿ ಖರ್ಚಿಗೆ ಬರೆಯುತ್ತಾರೆ. ಹೊಸ ಯಂತ್ರ ತರಲು ಬೇಕಾಗುವುದು ಹೊಸ ಬೆಲೆ. ಖರ್ಚು ಕಮ್ಮಿ ತೋರಿಸಿದಂತಾಗಿ ಲಾಭ ಉಬ್ಬಿ ಕಾಣುತ್ತದೆ, ಆ ಉಬ್ಬಿದ ಲಾಭಕ್ಕೆ ಕಂಪನಿ ತೆರಿಗೆ ಕಟ್ಟುತ್ತದೆ. ಇಲ್ಲದ ಲಾಭಕ್ಕೆ ತೆರಿಗೆ ಕಟ್ಟುವ ಕಷ್ಟ ಠೇವಣಿದಾರರಿಗೆ ಮಾತ್ರ ಅಲ್ಲ.

ಇದರ ಪೂರ್ತಿ ಉಲ್ಟಾ ಚಿತ್ರ ಜಪಾನಿನದು. ಅಲ್ಲಿನ ನಿಕೈ ಷೇರು ಸೂಚ್ಯಂಕ 1989ರ ಡಿಸೆಂಬರ್ ಕೊನೆಯಲ್ಲಿ 38,915 ಮುಟ್ಟಿತು, ಅದನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಆದರೆ ಆ 34 ವರ್ಷದಲ್ಲಿ ಅಲ್ಲಿ ಬೆಲೆಗಳು ಒಟ್ಟಾರೆ ಏರಿದ್ದು ಸುಮಾರು ಶೇ 20 ಮಾತ್ರ, ನಡುವೆ ಹಲವು ವರ್ಷ ಇಳಿದೂ ಇದ್ದವು. ಬ್ಯಾಂಕು ಬಡ್ಡಿಯನ್ನೇ ಕೊಡುತ್ತಿಲ್ಲ ಅಂತ ಹೊರಗಿನವರು ಜಪಾನಿನ ಉಳಿತಾಯಗಾರರನ್ನು ನೋಡಿ ಮರುಗುತ್ತಿದ್ದರು. ಬೆಲೆ ಇಳಿಯುತ್ತಿದ್ದ ವರ್ಷಗಳಲ್ಲಿ ಸೊನ್ನೆ ಬಡ್ಡಿಯ ಠೇವಣಿಯೂ ಕೊಳ್ಳುವ ಶಕ್ತಿಯನ್ನು ಜಾಸ್ತಿ ಮಾಡುತ್ತಿತ್ತು, ಅದಕ್ಕೆ ಹೇಳಿಕೊಳ್ಳುವಂಥ ತೆರಿಗೆಯೂ ಇಲ್ಲ. 2022ರಿಂದ ಅಲ್ಲೂ ಬೆಲೆಗಳು ಶೇ 2 ದಾಟಿ ಏರತೊಡಗಿದ ಮೇಲೆ ಅದೇ ಠೇವಣಿ ಕರಗತೊಡಗಿತು. ಠೇವಣಿ ಬದಲಾಗಿರಲಿಲ್ಲ.

ಬಿಟ್‌ಕಾಯಿನ್‌ನಂಥ ಕ್ರಿಪ್ಟೊದಲ್ಲಿ ಒಂದು ವರ್ಷದ ಹಣದುಬ್ಬರವನ್ನು ಲೆಕ್ಕ ಹಾಕುವುದೇ ಕೆಲವರಿಗೆ ನಗು ತರಿಸುತ್ತದೆ. ಒಂದೇ ವಾರದಲ್ಲಿ ಶೇ 20 ಮೇಲೆ ಕೆಳಗೆ ಆಡುವ ವಸ್ತುವಿಗೆ ಶೇ 5 ಯಾವ ಲೆಕ್ಕ? ಅಲ್ಪ ಅವಧಿಗೆ ಅದು ಸರಿ. ಆದರೆ ಅಸಲಿಗೆ ವಾಪಸ್ ಬರಲು ವರ್ಷಗಟ್ಟಲೆ ಕಾಯುವವರಿಗೆ ಇದೇ ಮುಖ್ಯವಾಗುತ್ತದೆ. ಬಿಟ್‌ಕಾಯಿನ್ 2021ರ ನವೆಂಬರಿನಲ್ಲಿ 69,000 ಡಾಲರ್ ಆಸುಪಾಸು ಮುಟ್ಟಿ, ಮುಂದಿನ ವರ್ಷ 16,000ಕ್ಕೂ ಕೆಳಗೆ ಜಾರಿ, 2024ರ ಮಾರ್ಚಿನಲ್ಲಿ ಮತ್ತೆ 69,000 ದಾಟಿತು. ದಾಖಲೆ ಮುರಿಯಿತು ಅಂತ ಸಂಭ್ರಮ. ಆ ಎರಡೂ ಚಿಲ್ಲರೆ ವರ್ಷದಲ್ಲಿ ಅಮೆರಿಕದ ಬೆಲೆಗಳು ಸುಮಾರು ಶೇ 12 ಏರಿದ್ದವು. ಹಾಗಾಗಿ ಆ ದಿನದ 69,000 ಅಂದರೆ 2021ರ ಲೆಕ್ಕದಲ್ಲಿ 61,000 ಚಿಲ್ಲರೆ. ತುದಿಯಲ್ಲಿ ಕೊಂಡವರು ಇನ್ನೂ ಶೇ 11 ನಷ್ಟದಲ್ಲೇ ಇದ್ದರು. ಅವರು ನಿಜವಾಗಿ ದಡ ಸೇರಿದ್ದು ಬೆಲೆ 78,000 ದಾಟಿದ ಆ ವರ್ಷದ ನವೆಂಬರಿನಲ್ಲಿ.

ಬಿಟ್‌ಕಾಯಿನ್ ಒಟ್ಟು 2.1 ಕೋಟಿಗಿಂತ ಜಾಸ್ತಿ ಹುಟ್ಟುವುದಿಲ್ಲ, ಹಾಗಾಗಿ ಅದು ಹಣದುಬ್ಬರಕ್ಕೆ ಮದ್ದು ಅನ್ನುವ ವಾದ ಇದೆ. ಪೂರೈಕೆಗೆ ಮಿತಿ ಇರುವುದು ನಿಜ. ಬೇಡಿಕೆಗೆ ಯಾವ ಗ್ಯಾರಂಟಿಯೂ ಇಲ್ಲ. ನಲವತ್ತು ವರ್ಷದಲ್ಲೇ ಅತಿ ಜೋರಾದ ಬೆಲೆ ಏರಿಕೆ ಅಮೆರಿಕಕ್ಕೆ ಬಂದ 2022ರಲ್ಲೇ ಅದು ಸುಮಾರು ಶೇ 64 ಬಿತ್ತು. ಅದರ ಹಿಂದಿನ ವರ್ಷ ಸುಮಾರು ಶೇ 60 ಏರಿತ್ತು. ಅರವತ್ತು ಏರಿ ಅರವತ್ತನಾಲ್ಕು ಇಳಿದರೆ ಸರಾಸರಿ ಮೈನಸ್ ಎರಡು ಅಂತ ಹೇಳಿಬಿಡಬಹುದು. ದುಡ್ಡು ಹಾಗೆ ಲೆಕ್ಕ ಹಾಕುವುದಿಲ್ಲ. 100 ಇದ್ದದ್ದು 160 ಆಗಿ ಅಲ್ಲಿಂದ 57.6ಕ್ಕೆ ಬಂತು, ಎರಡು ವರ್ಷದ ಬೆಲೆ ಏರಿಕೆ ಭಾಗಿಸಿದರೆ 50ರ ಹತ್ತಿರ. ಅರ್ಧ ಹೋಯಿತು. ಸರಾಸರಿ ಲಾಭ ಅಂತ ಬರೆದಿದ್ದರೆ ಅದು ಕೂಡಿ ಭಾಗಿಸಿದ ಸರಾಸರಿಯೋ ಚಕ್ರಬಡ್ಡಿಯ ಸರಾಸರಿಯೋ ಅಂತ ನೋಡಲೇಬೇಕು. ಎಫ್‌ಡಿಗೆ ಎರಡೂ ಒಂದೇ, ಕ್ರಿಪ್ಟೊಗೆ ನೆಲಕ್ಕೂ ಆಕಾಶಕ್ಕೂ ಇರುವಷ್ಟು ಅಂತರ.

ಆ ಗ್ರಾಫಿನಲ್ಲಿ ಕ್ರಿಪ್ಟೊ ಹೆಸರಿನಲ್ಲಿ ಬಿಟ್‌ಕಾಯಿನ್ ಮಾತ್ರ ಇರುವುದನ್ನೂ ಗಮನಿಸಿ. ಸತ್ತ ನಾಣ್ಯಗಳಿಗೆ ಕಂಬ ಇರುವುದಿಲ್ಲ. ಡಾಲರಿಗೆ ಕಟ್ಟಿದ್ದೇವೆ ಅಂತ ಹೇಳುತ್ತಿದ್ದ ಟೆರಾಯುಎಸ್‌ಡಿ ನಾಣ್ಯವನ್ನು ಆ್ಯಂಕರ್ ಎಂಬ ಕ್ರಿಪ್ಟೊ ಠೇವಣಿ ತಾಣದಲ್ಲಿ ಇಟ್ಟರೆ ವರ್ಷಕ್ಕೆ ಶೇ 20ರ ಹತ್ತಿರ ಸಿಗುತ್ತಿತ್ತು. ಹೆಚ್ಚುಕಮ್ಮಿ ಕ್ರಿಪ್ಟೊ ಲೋಕದ ಎಫ್‌ಡಿ. ಹಣದುಬ್ಬರ ಕಳೆದರೂ ಅದ್ಭುತ ನೈಜ ಲಾಭ. 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಅಸಲೇ ಮಾಯವಾಯಿತು. ನೈಜ ಲಾಭದ ಸೂತ್ರ ದುಡ್ಡು ವಾಪಸ್ ಬಂದೇ ಬರುತ್ತದೆ ಅಂತ ಹಿಡಿದುಕೊಂಡೇ ಲೆಕ್ಕ ಹಾಕುತ್ತದೆ, ಆ ಅನುಮಾನವನ್ನು ನೀವೇ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಇನ್ನು ಯಾವ ಹಣದುಬ್ಬರ? ಚಿನ್ನ, ಬಿಟ್‌ಕಾಯಿನ್ ಎರಡರ ಸುದ್ದಿಯೂ ಡಾಲರಿನಲ್ಲೇ ಬರುತ್ತದೆ. ಡಾಲರಿನ ಲಾಭದಿಂದ ನಿಮ್ಮ ದೇಶದ ಬೆಲೆ ಏರಿಕೆಯನ್ನು ಕಳೆದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. ಖರ್ಚು ಯಾವ ಹಣದಲ್ಲೋ ಲಾಭವೂ ಅದೇ ಹಣದಲ್ಲಿ, ಬೆಲೆ ಏರಿಕೆಯೂ ಅದೇ ದೇಶದ್ದು. 2022ರಲ್ಲಿ ಟರ್ಕಿಯ ಷೇರು ಸೂಚ್ಯಂಕ ಅಲ್ಲಿನ ಲಿರಾದಲ್ಲಿ ಶೇ 197 ಏರಿತು, ಬೆಲೆಗಳು ವರ್ಷದ ಕೊನೆಗೆ ಶೇ 64 ಏರಿದ್ದವು. ಕಳೆದರೆ 133 ಬರುತ್ತದೆ, ಸರಿಯಾಗಿ ಭಾಗಿಸಿದರೆ ಶೇ 81. ಅಷ್ಟಾದರೂ ಅದು ದೊಡ್ಡ ಲಾಭವೇ. ಅಲ್ಲಿನ ಕೇಂದ್ರೀಯ ಬ್ಯಾಂಕ್ ಆ ನವೆಂಬರಿನಲ್ಲಿ ತನ್ನ ಬಡ್ಡಿ ದರವನ್ನು ಶೇ 9ಕ್ಕೆ ಇಳಿಸಿತ್ತು, ಲಿರಾದಲ್ಲಿ ಠೇವಣಿ ಇಟ್ಟವರ ಪಾಡು ಏನಾಗಿರಬಹುದು ಅಂತ ಲೆಕ್ಕ ಹಾಕಲು ಸೂತ್ರವೂ ಬೇಡ.

ಸರ್ಕಾರ ಕೊಡುವ ಬೆಲೆ ಸೂಚ್ಯಂಕ ಎಲ್ಲರ ಖರ್ಚಿನ ಸರಾಸರಿ ಅನ್ನುವುದೂ ನೆನಪಿರಲಿ. ನೀವು ಉಳಿಸುತ್ತಿರುವುದು ಮಕ್ಕಳ ಕಾಲೇಜಿಗೆ ಅಂದರೆ ನಿಮಗೆ ಬೇಕಾದ್ದು ಕಾಲೇಜು ಫೀಸು ಏರುವ ದರ. ಐದು ವರ್ಷದ ಹಿಂದಿನ ಫೀಸು, ಈಗಿನ ಫೀಸು, ಎರಡೂ ಗೊತ್ತಿದ್ದರೆ ನಿಮ್ಮದೇ ಹಣದುಬ್ಬರ ಸಿಕ್ಕಿತು. ಎಲ್ಲ ಖರ್ಚಿಗೂ ಹೀಗೆ ಮಾಡಲು ಹೋದರೆ ಹುಚ್ಚು ಹಿಡಿಯುತ್ತದೆ, ದೊಡ್ಡ ಗುರಿ ಒಂದೆರಡಕ್ಕೆ ಮಾಡಿದರೆ ಸಾಕು.

ಕೊನೆಯದಾಗಿ ಒಂದು ಅಳತೆಗೋಲು. ಬೆಲೆ ಏರಿಕೆಗೆ ಕಟ್ಟಿದ ಸರ್ಕಾರಿ ಬಾಂಡುಗಳು ಕೆಲವು ದೇಶಗಳಲ್ಲಿವೆ, ಬ್ರಿಟನ್ನಿನಲ್ಲಿ 1981ರಿಂದ, ಅಮೆರಿಕದಲ್ಲಿ 1997ರಿಂದ. ಬೆಲೆ ಸೂಚ್ಯಂಕ ಏರಿದಂತೆ ಅಸಲೂ ಏರುತ್ತದೆ. ಹಾಗಾಗಿ ಅವುಗಳ ದರವೇ ನೈಜ ಲಾಭ, ಮೊದಲ ದಿನವೇ ಗೊತ್ತಿರುವ ನೈಜ ಲಾಭ. ಹತ್ತು ವರ್ಷದ ಅಮೆರಿಕನ್ ಬಾಂಡಿನಲ್ಲಿ ಇದು 2021ರಲ್ಲಿ ಮೈನಸ್ ಒಂದು ಪರ್ಸೆಂಟ್ ಹತ್ತಿರ ಇತ್ತು, ಅಂದರೆ ಜನ ನಷ್ಟ ಅಂತ ಗೊತ್ತಿದ್ದೇ ಕೊಂಡರು. 2023ರ ಅಕ್ಟೋಬರಿನಲ್ಲಿ ಶೇ 2 ದಾಟಿತ್ತು. ಮೈನಸ್ ಒಂದರ ಕಾಲದಲ್ಲಿ ಚಿನ್ನದಿಂದ ನೈಜ ಒಂದೂವರೆ ನಿರೀಕ್ಷಿಸುವುದು ಒಂದು ಮಾತು, ಸರ್ಕಾರವೇ ಎರಡು ಕೊಡುವಾಗ ಅದೇ ಒಂದೂವರೆಗೆ ಅಷ್ಟು ಏರಿಳಿತ ಹೊರುವುದು ಬೇರೆಯೇ ಮಾತು. ಆದರೆ ಇಲ್ಲೂ ತೆರಿಗೆ ಬಿಡುವುದಿಲ್ಲ. ಅಮೆರಿಕದಲ್ಲಿ ಈ ಬಾಂಡಿನ ಅಸಲು ಏರಿದ್ದನ್ನೂ ಆ ವರ್ಷದ ಆದಾಯ ಅಂತಲೇ ಹಿಡಿಯುತ್ತಾರೆ, ದುಡ್ಡು ಕೈಗೆ ಬರುವುದು ಬಾಂಡ್ ಮುಗಿದ ಮೇಲಾದರೂ ತೆರಿಗೆ ಮಾತ್ರ ವರ್ಷ ವರ್ಷ ಕಟ್ಟಬೇಕು. ಅದಕ್ಕೇ ಅಲ್ಲಿ ಬಹಳ ಜನ ಈ ಬಾಂಡನ್ನು ತೆರಿಗೆ ಮುಂದೂಡುವ ನಿವೃತ್ತಿ ಖಾತೆಯೊಳಗೆ ಇಡುತ್ತಾರೆ.